ಮುಖ್ತ್ಯಾರ್ ಪತ್ರ: ಹಿಗ್ಗದೆ, ಕುಗ್ಗದೆ

ಹಿಂದೂಪುರ, ಕಲ್ಯಾಣದುರ್ಗಗಳ ಕಡೆ ಜಮೀನಿನ ಮುಖ್ತ್ಯಾರ್ ಪತ್ರಗಳು ತೆಲುಗಿನಲ್ಲಿರುವುದುಂಟು. ಅವನ್ನು ಕನ್ನಡಕ್ಕೆ ತರುವಾಗ, ಕೆಲಸ ಹೇಳುವ ಮಾತುಗಳನ್ನು ಒಂದೊಂದಾಗಿ ಎಣಿಸಬೇಕು. ಮೂಲದಲ್ಲಿ ‘ಕೌಲುಕು ಇಚ್ಚುಟ, ಕೌಲು ವಸೂಲು ಚೇಯುಟ ಮೊದಲಗು ಪನುಲು’ ಎಂದಿದೆಯೆನ್ನೋಣ. ನಾವು ‘ಗುತ್ತಿಗೆಗೆ ಕೊಡುವುದು, ಗುತ್ತಿಗೆ ವಸೂಲು ಮಾಡುವುದು ಮೊದಲಾದ ಕೆಲಸಗಳು’ ಎಂದು ಬರೆಯುತ್ತೇವೆ. ‘ಸಕಲ ವ್ಯವಹಾರ’ ಎಂದರೆ ಕ್ರಯ, ಅಡಮಾನಗಳೂ ಸೇರಿದಂತೆ ತೋರುತ್ತದೆ. ‘ಮೊದಲಾದ’ ಬಿಟ್ಟರೆ ಅಧಿಕಾರ ಕುಗ್ಗುತ್ತದೆ.

ನ್ಯಾಯಾಲಯಗಳು ಇಂಥ ಪತ್ರವನ್ನು ಬಿಗಿಯಾಗಿಯೇ ಓದುತ್ತವೆ. ‘ಮೊದಲಾದ’ ಎಂಬುದು ಮೇಲೆ ಹೇಳಿದಂಥ ಕೆಲಸಗಳಿಗೇ ಸಲ್ಲುವುದು, ಮಾರಾಟಕ್ಕಲ್ಲ. ರಸೀದಿ ಕೊಡುವ ಮಾತನ್ನು ನಾವಾಗಿ ಸೇರಿಸಬೇಕಿಲ್ಲ. 1872ರ ಕರಾರು ಕಾಯಿದೆಯ 188ನೆಯ ಕಲಮಿನಂತೆ, ಒಪ್ಪಿಸಿದ ಕೆಲಸಕ್ಕೆ ಅವಶ್ಯವಾದ ನ್ಯಾಯಸಮ್ಮತ ಕಾರ್ಯಗಳು ಅದರಲ್ಲೇ ಅಡಕವಾಗಿವೆ. ಬರೆದ ಮೇಲೆ, ಮೂಲ ನೋಡದ ಇನ್ನೊಬ್ಬರಿಂದ ಅದನ್ನು ತೆಲುಗಿನಲ್ಲಿ ಹೇಳಿಸಿ, ಮೂಲಕ್ಕೆ ಹೋಲಿಸಿ ನೋಡಿರಿ.