ಮೊದಲ ತಪ್ಪಿಗೆ ಜೈಲೋ, ಬಾಂಡೋ? ಶಿಕ್ಷೆ ಪ್ರಮಾಣದ ವಾದ ಹೇಗೆ ನಡೆಯುತ್ತೆ: ಅಣಕು ವಿಚಾರಣೆಯೊಂದರ ವಿವರ

‘ಆರೋಪಿ ದೋಷಿ’ ಎಂದು ನ್ಯಾಯಾಧೀಶರು ಹೇಳಿದ ಕೂಡಲೇ ಕೇಸ್ ಮುಗಿಯಿತು ಎಂದುಕೊಳ್ಳುವವರೇ ಜಾಸ್ತಿ. ಆದರೆ ಎಷ್ಟು ಶಿಕ್ಷೆ ಕೊಡಬೇಕು ಅನ್ನೋದು ಬೇರೆಯೇ ಪ್ರಶ್ನೆ. ಅದಕ್ಕೂ ಮುನ್ನ ದೋಷಿಯ ಮಾತು ಕೇಳಲೇಬೇಕು. ಹಾಗೆ ಕೇಳಲಿಲ್ಲ ಎಂಬ ಕಾರಣಕ್ಕೇ 1976ರ ಸಂತಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದು ಮಾಡಿ, ಕೆಳ ನ್ಯಾಯಾಲಯಕ್ಕೆ ವಾಪಸ್ ಕಳಿಸಿತ್ತು.

ಕಾನೂನು ಕಾಲೇಜುಗಳ ಅಣಕು ನ್ಯಾಯಾಲಯಗಳಲ್ಲಿ ಈ ಹಂತವನ್ನಷ್ಟೇ ಪ್ರತ್ಯೇಕವಾಗಿ ಅಭ್ಯಾಸ ಮಾಡಿಸುವುದುಂಟು. ತಪ್ಪು ಸಾಬೀತಾಗಿದೆ ಎಂದಿಟ್ಟುಕೊಂಡೇ ವಾದ ಶುರು. ಒಬ್ಬರು ಶಿಕ್ಷೆ ತಗ್ಗಿಸುವ ಅಂಶಗಳನ್ನು, ಇನ್ನೊಬ್ಬರು ಹೆಚ್ಚಿಸುವ ಅಂಶಗಳನ್ನು ಮಂಡಿಸಬೇಕು. ಅಂಥ ಒಂದು ಕಲ್ಪಿತ ಪ್ರಕರಣ ಇಲ್ಲಿದೆ.

ಪ್ರಕರಣ ಏನು?

ಅಡಿಕೆ ಮಂಡಿಯಲ್ಲಿ ಕೆಲಸಕ್ಕಿದ್ದ ಹುಡುಗ ಮೂರು ತಿಂಗಳಲ್ಲಿ ನಾಲ್ಕು ಸಲ ಗಲ್ಲಾ ಪೆಟ್ಟಿಗೆಯಿಂದ ಒಟ್ಟು 48,000 ರೂಪಾಯಿ ತೆಗೆದಿದ್ದಾನೆ. ಆಗ ಅವನಿಗೆ 19 ವರ್ಷ. ಹಿಂದೆ ಯಾವ ಕೇಸೂ ಇಲ್ಲ. ಲೆಕ್ಕ ತಾಳೆಯಾಗದಿದ್ದಾಗ ಮಾಲೀಕರು ಹಿರಿಯ ಗುಮಾಸ್ತರ ಮೇಲೆ ಅನುಮಾನಪಟ್ಟು ಅವರನ್ನು ಕೆಲಸದಿಂದ ತೆಗೆದರು. ಹುಡುಗ ಬಾಯಿ ಬಿಡಲಿಲ್ಲ. ತಿಂಗಳ ನಂತರ ಸಿಸಿಟಿವಿಯಲ್ಲಿ ಸಿಕ್ಕಿಬಿದ್ದ. ಪೊಲೀಸ್ ದೂರು ದಾಖಲಾಗುವ ಮುಂಚೆಯೇ ಬೈಕ್ ಮಾರಿ 30,000 ರೂಪಾಯಿಯನ್ನು ಮಾಲೀಕರ ಖಾತೆಗೆ ಹಾಕಿದ.

ಕೃತ್ಯ ನಡೆದಿದ್ದು 2024ರ ಜುಲೈ 1ರ ನಂತರ. ಹಾಗಾಗಿ ಅನ್ವಯವಾಗುವುದು ಭಾರತೀಯ ನ್ಯಾಯ ಸಂಹಿತೆ. ಕೆಲಸಗಾರ ಮಾಲೀಕನ ಸ್ವತ್ತನ್ನು ಕದ್ದರೆ ಸೆಕ್ಷನ್ 306ರಡಿ ಗರಿಷ್ಠ 7 ವರ್ಷ ಜೈಲು ಮತ್ತು ದಂಡ. ಆದರೆ ಕೇಸ್ ನಡೆದಿರುವುದು ಜೆಎಂಎಫ್‌ಸಿ ನ್ಯಾಯಾಲಯದಲ್ಲಿ. ಆ ನ್ಯಾಯಾಧೀಶರು 3 ವರ್ಷಕ್ಕಿಂತ ಹೆಚ್ಚು ಜೈಲು ಶಿಕ್ಷೆ ಕೊಡುವಂತಿಲ್ಲ. ಅಂದರೆ ವಾದವೆಲ್ಲ ಬಾಂಡ್ ಮೇಲೆ ಬಿಡುಗಡೆಯಿಂದ 3 ವರ್ಷ ಜೈಲಿನವರೆಗಿನ ಅಂತರದಲ್ಲೇ ನಡೆಯಬೇಕು.

ಎಪಿಪಿ ವಾದ: ಎಲ್ಲಿ ಎಡವಿದರು?

ಸಹಾಯಕ ಸರ್ಕಾರಿ ಅಭಿಯೋಜಕರ ಪಾತ್ರದಲ್ಲಿದ್ದ ವಿದ್ಯಾರ್ಥಿ ಶುರು ಮಾಡಿದ್ದೇ ನಂಬಿಕೆ ದ್ರೋಹದಿಂದ. “ಅನ್ನ ಕೊಟ್ಟ ಮಾಲೀಕರಿಗೇ ದ್ರೋಹ ಮಾಡಿದ್ದಾನೆ ಸ್ವಾಮಿ, ಕಠಿಣ ಶಿಕ್ಷೆ ಆಗ್ಬೇಕು” ಎಂದರು.

ಪೀಠದಲ್ಲಿದ್ದವರು ಅಲ್ಲಿಗೇ ತಡೆದರು. “ಮಾಮೂಲಿ ಕಳ್ಳತನಕ್ಕೆ 3 ವರ್ಷ, ಕೆಲಸಗಾರ ಕದ್ದರೆ 7 ವರ್ಷ ಅಂತ ಕಾನೂನೇ ಇಟ್ಟಿದೆ. ಆ ನಂಬಿಕೆ ದ್ರೋಹಕ್ಕೆ ಲೆಕ್ಕ ಆಗ್ಲೇ ಹಾಕಿಯಾಗಿದೆ. ಅದನ್ನೇ ಇನ್ನೊಂದ್ಸಲ ಯಾಕೆ ಹಾಕ್ತೀರಿ?”

ಇದು ಈ ಅಭ್ಯಾಸದಲ್ಲಿ ಪದೇ ಪದೇ ಕಾಣುವ ತಪ್ಪು. ಅಪರಾಧದ ವ್ಯಾಖ್ಯೆಯಲ್ಲೇ ಇರುವ ಅಂಶವನ್ನು ಶಿಕ್ಷೆ ಹೆಚ್ಚಿಸುವ ಕಾರಣವಾಗಿ ಮತ್ತೆ ಹೇಳಿದರೆ ವಾದಕ್ಕೆ ತೂಕ ಇರಲ್ಲ. ಹೇಳಬೇಕಾದದ್ದು ಈ ಪ್ರಕರಣದಲ್ಲಿ ಮಾತ್ರ ಇರುವ, ಸಾಮಾನ್ಯಕ್ಕಿಂತ ಕೆಟ್ಟದ್ದಾದ ಸಂಗತಿಯನ್ನು.

ಎಪಿಪಿ ಆಮೇಲೆ ದಾರಿಗೆ ಬಂದರು. ಒಂದು, ಇದು ಯಾವುದೋ ಒಂದು ಗಳಿಗೆಯ ಆಸೆಯಲ್ಲ, ಮೂರು ತಿಂಗಳಲ್ಲಿ ನಾಲ್ಕು ಸಲ ನಡೆದದ್ದು. ಎರಡು, ತನ್ನ ತಪ್ಪಿಗೆ ಇನ್ನೊಬ್ಬರು ಕೆಲಸ ಕಳೆದುಕೊಂಡಾಗಲೂ ಅವನು ಸುಮ್ಮನಿದ್ದ. ಎರಡನೆಯದೇ ಗಟ್ಟಿ ಅಂಶ. ಮಾಲೀಕರ ಹಣ ವಾಪಸ್ ಬರಬಹುದು, ಗುಮಾಸ್ತರ ಹೆಸರು ಅಷ್ಟು ಸುಲಭಕ್ಕೆ ವಾಪಸ್ ಬರಲ್ಲ.

ಪ್ರತಿವಾದಿ ವಕೀಲರು ತಂದ ಕಾಗದಗಳು

ಪ್ರತಿವಾದಿ ಕಡೆಯವರ ಮೊದಲ ಮಾತು, “ಸಿಸಿಟಿವಿಯಲ್ಲಿ ಮುಖ ಸರಿಯಾಗಿ ಕಾಣಲ್ಲ ಸ್ವಾಮಿ” ಎಂದು. ಪೀಠ ಒಪ್ಪಲಿಲ್ಲ. “ಅದನ್ನ ಅಪೀಲಲ್ಲಿ ಹೇಳಿ. ಈಗ ಶಿಕ್ಷೆ ಬಗ್ಗೆ ಮಾತ್ರ ಮಾತಾಡಿ” ಎಂದಿತು.

ಮುಂದಿನ ಮಾತು, “ಬಡವ, ಮನೇಲಿ ವಯಸ್ಸಾದ ತಾಯಿ ಇದಾರೆ”. ಈ ಮಾತು ಕೋರ್ಟುಗಳಿಗೆ ದಿನಾ ಕೇಳಿ ಕೇಳಿ ಹಳತಾಗಿದೆ. “ದಾಖಲೆ ಏನಿದೆ?” ಎಂಬ ಪ್ರಶ್ನೆ ಬಂದಾಗ ಪಡಿತರ ಚೀಟಿ ಮತ್ತು ತಾಯಿಯ ಆಸ್ಪತ್ರೆ ಚೀಟಿಗಳನ್ನು ಕೊಟ್ಟರು. ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಬ್ಯಾಂಕ್ ಸ್ಟೇಟ್‌ಮೆಂಟ್. ದೂರಿಗೆ ಮುಂಚೆಯೇ 30,000 ಹಾಕಿದ್ದು ಅದರಲ್ಲಿ ತಾರೀಖಿನ ಸಮೇತ ಇತ್ತು. ಬಂಧನವಾದ ಮೇಲೆ ಭಯಕ್ಕೆ ಹಣ ಕಟ್ಟುವುದಕ್ಕೂ, ಪೊಲೀಸರು ಬರುವ ಮುಂಚೆಯೇ ಬೈಕ್ ಮಾರಿ ಕಟ್ಟುವುದಕ್ಕೂ ಇರುವ ವ್ಯತ್ಯಾಸ ಬಾಯಿಮಾತಲ್ಲಿ ನಿಲ್ಲಲ್ಲ, ತಾರೀಖಿನಲ್ಲಿ ನಿಲ್ಲುತ್ತೆ.

“ಮೊದಲ ಸಲ ಕದ್ದವರಿಗೆ ಸಮುದಾಯ ಸೇವೆಯಷ್ಟೇ ಶಿಕ್ಷೆ” ಎಂಬ ವಾದವೂ ಬಂತು. ಇದು ಅರ್ಧ ಸತ್ಯ. ಆ ಅವಕಾಶ ಇರುವುದು ಮಾಮೂಲಿ ಕಳ್ಳತನದ ಸೆಕ್ಷನ್ 303ರಲ್ಲಿ. ಅದೂ ಸ್ವತ್ತಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಅದನ್ನು ವಾಪಸ್ ಕೊಟ್ಟಿದ್ದರೆ ಮಾತ್ರ. ಇಲ್ಲಿ ಸೆಕ್ಷನ್ನೂ ಬೇರೆ, ಮೊತ್ತವೂ ಬೇರೆ.

ತಿರುವು ಕೊಟ್ಟ ಪ್ರಶ್ನೆ: ಇವತ್ತಿಗೆ ವಯಸ್ಸೆಷ್ಟು?

ಮೊದಲ ಅಪರಾಧಿಗೆ ನಿಜವಾದ ಬಾಗಿಲು 1958ರ ಪ್ರೊಬೇಷನ್ ಕಾಯ್ದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಲ್ಲದ ಅಪರಾಧವಾದರೆ, ಸನ್ನಡತೆಯ ಬಾಂಡ್ ಬರೆಸಿಕೊಂಡು ಬಿಡುಗಡೆ ಮಾಡಲು ಅದರ ಸೆಕ್ಷನ್ 4 ಅವಕಾಶ ಕೊಡುತ್ತದೆ. ಇದು ಕೋರ್ಟಿನ ವಿವೇಚನೆಗೆ ಬಿಟ್ಟದ್ದು, ಮೊದಲ ತಪ್ಪು ಅನ್ನೋ ಕಾರಣಕ್ಕೆ ತಾನಾಗಿ ಸಿಗುವ ಹಕ್ಕಲ್ಲ.

21 ವರ್ಷದ ಒಳಗಿನವರಿಗೆ ಮಾತ್ರ ಸೆಕ್ಷನ್ 6 ಲೆಕ್ಕಾಚಾರವನ್ನೇ ತಿರುವುಮುರುವು ಮಾಡುತ್ತದೆ. ಅಲ್ಲಿ ಜೈಲಿಗೆ ಕಳಿಸದಿರುವುದೇ ನಿಯಮ. ಕಳಿಸಲೇಬೇಕು ಎಂದಾದರೆ ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಂಡು, ಬಾಂಡ್ ಯಾಕೆ ಸಾಲದು ಎಂಬ ಕಾರಣವನ್ನು ಬರೆಯಬೇಕು. ಈ ವಯಸ್ಸನ್ನು ಕೃತ್ಯ ನಡೆದ ದಿನಕ್ಕಲ್ಲ, ದೋಷಿ ಎಂದಾಗಿ ಶಿಕ್ಷೆ ವಿಧಿಸುವ ಹೊತ್ತಿಗೆ ನೋಡಬೇಕು ಎಂದು ಸುಪ್ರೀಂ ಕೋರ್ಟ್ ರಾಮ್‌ಜಿ ಮಿಸ್ಸರ್ ಪ್ರಕರಣದಲ್ಲಿ ಹೇಳಿದೆ.

ವಕೀಲರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮುಂದಿಟ್ಟರು. ಹುಡುಗನಿಗೆ ಅವತ್ತಿಗೆ 20 ವರ್ಷ 10 ತಿಂಗಳು. ವಿಚಾರಣೆ ಇನ್ನು ಎರಡು ತಿಂಗಳು ಎಳೆದಿದ್ದರೆ ಈ ರಕ್ಷಣೆ ಕೈತಪ್ಪುತ್ತಿತ್ತು. ಅಂಥ ಕೇಸಲ್ಲಿ ವಾಯಿದೆ ಮೇಲೆ ವಾಯಿದೆ ಕೇಳುವ ವಕೀಲರು ಕಕ್ಷಿದಾರನಿಗೇ ನಷ್ಟ ಮಾಡುತ್ತಾರೆ.

ಆದೇಶ ಏನಾಯ್ತು?

ಅಭ್ಯಾಸಕ್ಕೆಂದು ಮೊದಲೇ ಸಿದ್ಧವಾಗಿದ್ದ ಪ್ರೊಬೇಷನ್ ಅಧಿಕಾರಿಯ ವರದಿ ಹೀಗಿತ್ತು: ಹುಡುಗ ಈಗ ಗ್ಯಾರೇಜ್‌ನಲ್ಲಿ ಕೆಲಸ ಮಾಡುತ್ತಿದ್ದಾನೆ, ಊರಲ್ಲಿ ದೂರಿಲ್ಲ, ಸೋದರಮಾವ ಜಾಮೀನು ನಿಲ್ಲಲು ಸಿದ್ಧ.

ಎರಡು ವರ್ಷದ ಸನ್ನಡತೆ ಬಾಂಡ್ ಮತ್ತು ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆಯ ಮೇಲೆ ಬಿಡುಗಡೆ ಎಂದು ಪೀಠ ಆದೇಶಿಸಿತು. ಎಪಿಪಿಯ ಗಟ್ಟಿ ಅಂಶವನ್ನೂ ಕೈಬಿಡಲಿಲ್ಲ. ಕಾಯ್ದೆಯ ಸೆಕ್ಷನ್ 5ರಡಿ ಮಾಲೀಕರಿಗೆ ಬಾಕಿ 18,000 ರೂಪಾಯಿ, ಕೆಲಸ ಕಳೆದುಕೊಂಡ ಗುಮಾಸ್ತರಿಗೆ 10,000 ರೂಪಾಯಿ ಪರಿಹಾರ ಕೊಡಬೇಕೆಂದಿತು. ಬಾಂಡ್ ಮುರಿದರೆ ಅದೇ ಅಪರಾಧಕ್ಕೆ ಮತ್ತೆ ಶಿಕ್ಷೆ ವಿಧಿಸಲು ಅವಕಾಶ ಇದ್ದೇ ಇರುತ್ತೆ.

ಇದೇ ಸಂಗತಿಗಳ ಮೇಲೆ ಇನ್ನೊಬ್ಬ ನ್ಯಾಯಾಧೀಶರು ಆರು ತಿಂಗಳ ಜೈಲು ಕೊಡಬಹುದಿತ್ತು. ಆಗ ಮೊದಲು ನೋಡಬೇಕಾದದ್ದು ಆದೇಶದ ಕೊನೆಯ ಪುಟಗಳನ್ನು. ವರದಿ ತರಿಸಿಕೊಂಡಿದ್ದಾರಾ, ಪ್ರೊಬೇಷನ್ ಯಾಕೆ ಕೊಡಲಿಲ್ಲ ಎಂಬ ಕಾರಣ ಬರೆದಿದ್ದಾರಾ? ಇಲ್ಲದಿದ್ದರೆ ಸೆಷನ್ಸ್ ಕೋರ್ಟಿನ ಅಪೀಲಿಗೆ ಅದೇ ಮೊದಲ ಆಧಾರ. ಅಪೀಲು ಕೇಳುವ ಕೋರ್ಟ್ ಕೂಡ ಪ್ರೊಬೇಷನ್ ಕೊಡಬಹುದು.