ದೋಷ ಸಿಕ್ಕಿತು, ಸರಿಯೂ ಆಯಿತು. ಆಮೇಲೂ ಹನ್ನೊಂದು ಗಂಟೆ ಯಾಕೆ?

2025ರ ಅಕ್ಟೋಬರ್ 20, ನರಕ ಚತುರ್ದಶಿಯ ಮಧ್ಯಾಹ್ನ ನಮ್ಮ ಗಡಿಯಾರದಲ್ಲಿ 12 ಗಂಟೆ 18 ನಿಮಿಷ. ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಕ್ಲೌಡ್‌ನ ಅತಿ ಹಳೆಯ, ಅತಿ ದೊಡ್ಡ ಕೇಂದ್ರ ಎಡವಿತು. ಸ್ನ್ಯಾಪ್‌ಚಾಟ್, ಸಿಗ್ನಲ್, ರೋಬ್ಲಾಕ್ಸ್, ಬ್ರಿಟನ್ನಿನ ಕೆಲವು ಬ್ಯಾಂಕುಗಳ ಆ್ಯಪ್‌ಗಳು ಒಟ್ಟಿಗೆ ಕೈಕೊಟ್ಟವು. ಮೂಲ ದೋಷ ಸರಿಯಾದದ್ದು ಮಧ್ಯಾಹ್ನ 2.55ಕ್ಕೆ. ಹೊಸ ಸರ್ವರ್‌ಗಳನ್ನು ಶುರುಮಾಡುವ ಸೇವೆ ಪೂರ್ತಿ ಚೇತರಿಸಿಕೊಳ್ಳುವ ಹೊತ್ತಿಗೆ ಮಾತ್ರ ನಡುರಾತ್ರಿ ಕಳೆದು 2.20 ಆಗಿತ್ತು.

‘ಇನ್ನೂ ಎಷ್ಟು ಹೊತ್ತು?’ ಎಂದು ತಂಡವನ್ನು ಕೇಳುವ ಪ್ರತಿ ಮ್ಯಾನೇಜರ್‌ಗೂ ಈ ಎರಡನೆಯ ಭಾಗ, ಅಂದರೆ ದುರಸ್ತಿಯ ನಂತರದ ಹನ್ನೊಂದು ಗಂಟೆ ಅರ್ಥವಾಗಬೇಕು.

ಮೊದಲ ಭಾಗದ ಕಥೆ ಚಿಕ್ಕದು. ಅಮೆಜಾನ್‌ನ ಡೈನಮೋಡಿಬಿ ಎಂಬ ಡೇಟಾಬೇಸ್ ಸೇವೆ ಎಲ್ಲಿದೆ ಎಂದು ಉಳಿದ ಕಂಪ್ಯೂಟರ್‌ಗಳಿಗೆ ತಿಳಿಸುವ ವಿಳಾಸಪಟ್ಟಿಯನ್ನು ತಂತ್ರಾಂಶವೇ ಆಗಾಗ ಹೊಸದು ಮಾಡುತ್ತಿರುತ್ತದೆ. ಈ ಕೆಲಸಕ್ಕಿರುವ ಪ್ರತಿಗಳಲ್ಲಿ ಒಂದು ಅವತ್ತು ನಿಧಾನವಾಯಿತು. ಇನ್ನೊಂದು ಪ್ರತಿ ಹೊಸ ಪಟ್ಟಿ ಹಾಕಿ ಮುಗಿಸಿದ ಮೇಲೆ, ಹಿಂದೆ ಬಿದ್ದದ್ದು ಬಂದು ಅದರ ಮೇಲೆ ತನ್ನ ಹಳೆಯ ಪಟ್ಟಿಯನ್ನು ಹಾಕಿತು. ಅಷ್ಟರಲ್ಲಿ ಮುಂದಿದ್ದ ಪ್ರತಿ ಹಳೆಯ ಪಟ್ಟಿಗಳನ್ನು ಗುಡಿಸುವ ಕೆಲಸಕ್ಕೆ ಇಳಿದು, ಚಾಲ್ತಿಯಲ್ಲಿದ್ದ ಅದನ್ನೇ ಅಳಿಸಿಬಿಟ್ಟಿತು. ವಿಳಾಸ ಖಾಲಿ. ತಂತ್ರಾಂಶ ತಾನಾಗಿ ಸರಿಪಡಿಸಿಕೊಳ್ಳಲಾರದ ಸ್ಥಿತಿಗೆ ಸಿಕ್ಕಿಕೊಂಡಿದ್ದರಿಂದ ಎಂಜಿನಿಯರುಗಳೇ ಕೈಹಾಕಬೇಕಾಯಿತು. ಅವರು ಸುಮಾರು ಐವತ್ತು ನಿಮಿಷದಲ್ಲಿ ಮೂಲ ಪತ್ತೆಮಾಡಿದ್ದರು. ಇಷ್ಟು ದೊಡ್ಡ ವ್ಯವಸ್ಥೆಯಲ್ಲಿ ಇದು ತಡವೇನಲ್ಲ.

ಡೇಟಾಬೇಸ್ ವಾಪಸ್ ಬಂತು, ಆದರೆ ಅದನ್ನು ನಂಬಿಕೊಂಡಿದ್ದ ಇನ್ನೊಂದು ವಿಭಾಗ ಅಷ್ಟರಲ್ಲಿ ದಾರಿ ತಪ್ಪಿತ್ತು. ಗ್ರಾಹಕರು ಹೊಸ ಸರ್ವರ್ ಕೇಳಿದಾಗ ಅದನ್ನು ಯಾವ ಯಂತ್ರದ ಮೇಲೆ ಕೂರಿಸಬೇಕೆಂದು ನೋಡಿಕೊಳ್ಳುವ ಮೇಲ್ವಿಚಾರಕ ತಂತ್ರಾಂಶವೊಂದಿದೆ. ಅದು ಪ್ರತಿಯೊಂದು ಯಂತ್ರದ ಜೊತೆಗೂ ಒಂದು ‘ಲೀಸ್’ ಇಟ್ಟುಕೊಂಡು, ಕೆಲವು ನಿಮಿಷಕ್ಕೊಮ್ಮೆ ನವೀಕರಿಸುತ್ತದೆ. ನವೀಕರಣಕ್ಕೆ ಡೈನಮೋಡಿಬಿ ಬೇಕು. ಅದು ಇಲ್ಲದ ಎರಡೂವರೆ ಗಂಟೆಯಲ್ಲಿ ಲೀಸುಗಳು ಒಂದೊಂದಾಗಿ ಮುಗಿಯುತ್ತ ಹೋದವು. ಆಗಲೇ ಓಡುತ್ತಿದ್ದ ಸರ್ವರ್‌ಗಳಿಗೆ ಇದರಿಂದ ಏನೂ ಆಗಲಿಲ್ಲ. ಆದರೆ ಲೀಸ್ ಇಲ್ಲದ ಯಂತ್ರಕ್ಕೆ ಹೊಸ ಕೆಲಸ ಕೊಡುವಂತಿಲ್ಲ.

2.55ರ ನಂತರ ಮೇಲ್ವಿಚಾರಕ ಎಲ್ಲ ಲೀಸುಗಳನ್ನೂ ಮತ್ತೆ ಮಾಡಿಸಲು ಹೊರಟಿತು. ಆಸ್ಪತ್ರೆಯ ಕೌಂಟರಿನಲ್ಲಿ ಟೋಕನ್‌ಗೆ ಹತ್ತೇ ನಿಮಿಷದ ಆಯುಷ್ಯ, ಸಾಲು ಮಾತ್ರ ಒಂದು ಗಂಟೆಯದು ಎಂದುಕೊಳ್ಳಿ. ಸರದಿ ಬರುವ ಮೊದಲೇ ಟೋಕನ್ ರದ್ದು. ಹೊಸ ಟೋಕನ್ ಪಡೆದು ಮತ್ತೆ ಸಾಲಿನ ಬಾಲಕ್ಕೆ. ಕೌಂಟರಿನವರು ಒಂದು ಕ್ಷಣವೂ ಸುಮ್ಮನೆ ಕೂತಿಲ್ಲ, ಆದರೆ ಯಾರ ಕೆಲಸವೂ ಮುಗಿಯುತ್ತಿಲ್ಲ. ಮೇಲ್ವಿಚಾರಕಕ್ಕೆ ಆದದ್ದೂ ಅದೇ. ಯಂತ್ರಗಳ ಸಂಖ್ಯೆ ಎಷ್ಟಿತ್ತೆಂದರೆ ಒಂದು ಪ್ರಯತ್ನ ಮುಗಿಯುವಷ್ಟರಲ್ಲಿ ಅದರ ಗಡುವು ಮೀರುತ್ತಿತ್ತು, ಮರುಪ್ರಯತ್ನ ಸಾಲನ್ನು ಇನ್ನಷ್ಟು ಉದ್ದ ಮಾಡುತ್ತಿತ್ತು.

ಇಂಥ ಸ್ಥಿತಿಗೆ ಸಿದ್ಧ ಕೈಪಿಡಿ ಇರಲಿಲ್ಲ ಎಂದು ಅಮೆಜಾನ್ ತನ್ನ ವರದಿಯಲ್ಲಿ ಒಪ್ಪಿಕೊಂಡಿದೆ. ನನ್ನ ಲೆಕ್ಕದಲ್ಲಿ ವರದಿಯ ಅತಿ ಮುಖ್ಯ ಮಾತು ಅದು. ಹಲವು ದಾರಿ ನೋಡಿದ ಎಂಜಿನಿಯರುಗಳು ಸಂಜೆ 4.44ಕ್ಕೆ ಒಳಬರುವ ಕೆಲಸಕ್ಕೆ ಕಡಿವಾಣ ಹಾಕಿ, ಆಯ್ದ ಕಂಪ್ಯೂಟರ್‌ಗಳನ್ನು ರೀಸ್ಟಾರ್ಟ್ ಮಾಡತೊಡಗಿದರು. ಸಾಲು ಅಳಿಸಿಹೋಯಿತು, 5.58ಕ್ಕೆ ಎಲ್ಲ ಲೀಸುಗಳೂ ಮರಳಿದವು. ಗ್ರಾಹಕರನ್ನು ಬೇಕೆಂದೇ ತಡೆದದ್ದು ಹೊರಗಿನವರ ಕಣ್ಣಿಗೆ ತೊಂದರೆ ಬಿಗಡಾಯಿಸಿದಂತೆ ಕಂಡಿರಬಹುದು. ಚೇತರಿಕೆ ಶುರುವಾದದ್ದು ಅಲ್ಲಿಂದಲೇ.

ಸಾಲು ಅಲ್ಲಿಗೂ ಮುಗಿಯಲಿಲ್ಲ, ಮುಂದಿನ ಮೇಜಿಗೆ ಜರುಗಿತು. ಹೊಸ ಸರ್ವರ್‌ಗಳಿಗೆ ನೆಟ್‌ವರ್ಕ್ ಸಂಪರ್ಕದ ವಿವರ ತಲುಪಿಸುವ ವಿಭಾಗದ ಮೇಲೆ ಬಾಕಿ ಕೆಲಸ ಒಮ್ಮೆಲೇ ಬಿತ್ತು. ಸರ್ವರ್ ಎದ್ದಿದೆ, ಯಾರೊಂದಿಗೂ ಮಾತಾಡಲಾಗುತ್ತಿಲ್ಲ. ಇದು ಸಹಜ ಸ್ಥಿತಿಗೆ ಬರಲು ರಾತ್ರಿ 11.06 ಆಯಿತು. ಕಡಿವಾಣಗಳನ್ನು ಒಂದೇ ಸಲ ತೆಗೆದರೆ ಮತ್ತೆ ಅದೇ ನೂಕುನುಗ್ಗಲು. ಆದ್ದರಿಂದ ಹಂತ ಹಂತವಾಗಿ ಸಡಿಲಿಸುತ್ತ ಹೋದರು. 2.20 ಆದದ್ದು ಹಾಗೆ.

ಮುಂದಿನ ಸಲ ತಂಡ ‘ಕಾರಣ ಸಿಕ್ಕಿದೆ’ ಎಂದಾಗ ನಿಟ್ಟುಸಿರು ಬಿಡುವ ಮೊದಲು ಎರಡು ಪ್ರಶ್ನೆ ಕೇಳಿ: ಈಗ ಬಾಕಿ ಎಷ್ಟಿದೆ, ಅದು ಕರಗುತ್ತಿದೆಯೋ ಬೆಳೆಯುತ್ತಿದೆಯೋ? ಬೆಳೆಯುತ್ತಿದೆ ಎಂದರೆ, ಒಳಬರುವುದನ್ನು ತಡೆಯಲು ಅನುಮತಿ ಕೊಡಬೇಕಾದವರು ಬಹುಶಃ ನೀವೇ.