ಊಟ ಮಾಡಿಕೊಂಡೇ ಹೋಗಿ

ಹಾಸನದಲ್ಲಿ ಅಣ್ಣನ ಮಗಳ ಮದುವೆಗೆ ನಾಲ್ಕು ದಿನ ಇತ್ತು. ಅಣ್ಣ ಎರಡು ಹಾಳೆ ತಂದು ನನ್ನ ಕೈಗಿಟ್ಟ. ಆರತಕ್ಷತೆಯ ರಾತ್ರಿ ಮೈಕ್ ಹಿಡಿದು ಬಂದವರಿಗೆಲ್ಲ ನಾಲ್ಕು ಮಾತು ಹೇಳಬೇಕೆಂದು ಅವನ ಆಸೆ. ಗಟ್ಟಿಯಾಗಿ ಓದಿಸಿ ಗಡಿಯಾರ ನೋಡಿದೆ. ಏಳು ನಿಮಿಷ ಹಿಡಿಯಿತು, ಅದರಲ್ಲಿ ನಾಲ್ಕು ನಿಮಿಷ ಬರೀ ಹೆಸರುಗಳು.

ಇಂಗ್ಲೆಂಡಿನ ಮದುವೆಗಳಲ್ಲಿ ಈ ಮಾತಿಗೆ ಒಂದು ಜಾಗ ಮೊದಲೇ ಇರುತ್ತದೆ. ಎಲ್ಲರೂ ಊಟದ ಮೇಜಿನ ಮುಂದೆ ಕೂತಿರುತ್ತಾರೆ, ರೂಢಿಯಂತೆ ಹುಡುಗಿಯ ಅಪ್ಪ ಮೊದಲು ಎದ್ದು ಮಾತಾಡಿ ಲೋಟ ಎತ್ತುತ್ತಾನೆ. ನಮ್ಮ ಛತ್ರದಲ್ಲಿ ಎಲ್ಲರೂ ಒಟ್ಟಿಗೆ ಕೂತಿರುವ ಹೊತ್ತು ಅಂತ ಒಂದಿಲ್ಲ. ವೇದಿಕೆಯಿಂದ ಬಾಗಿಲವರೆಗೆ ಸಾಲು, ಆಶೀರ್ವಾದ, ಫೋಟೊ, ಅಲ್ಲಿಂದ ಊಟದ ಹಾಲ್, ಆಮೇಲೆ ಕೊನೆಯ ಬಸ್ಸಿನ ಯೋಚನೆ. ಕಂಕುಳಲ್ಲಿ ಮಗು ಎತ್ತಿಕೊಂಡು ಸಾಲಿನಲ್ಲಿ ನಿಂತವರು ಏಳು ನಿಮಿಷ ಕೇಳಲಾರರು. ಎರಡು ನಿಮಿಷದೊಳಗೆ ಮುಗಿಸಬೇಕು ಅಂದೆ.

ಮೊದಲು ಹೆಸರುಗಳನ್ನು ತೆಗೆದೆವು. ಇಪ್ಪತ್ತು ಜನರ ಹೆಸರು ಹೇಳಿದರೆ ಇಪ್ಪತ್ತೊಂದನೆಯವರಿಗೆ ನೋವಾಗುತ್ತದೆ. ಅಣ್ಣನ ಪಟ್ಟಿಯಲ್ಲಿ, ಛತ್ರ ಗೊತ್ತು ಮಾಡಿಕೊಡಲು ತಿಂಗಳುಗಟ್ಟಲೆ ಓಡಾಡಿದ ಭಾವನ ಹೆಸರೇ ಬಿಟ್ಟುಹೋಗಿತ್ತು. ಬೀಗರನ್ನು ಮಾತ್ರ ನೆನೆದು, ಉಳಿದವರನ್ನು ಅವರು ಪಟ್ಟ ಶ್ರಮದಿಂದ ಗುರುತಿಸಿದರೆ ಯಾರೂ ಹೊರಗುಳಿಯುವುದಿಲ್ಲ.

ಇನ್ನೊಂದು ತೊಡಕು 'ಧನ್ಯವಾದ'. ಹಾಳೆಯಲ್ಲಿ ಒಂಬತ್ತು ಸಲ ಇತ್ತು. ಸಭೆಯ ಕೊನೆಯ ವಂದನಾರ್ಪಣೆಗೆ ಅದು ಸರಿ, ಆದರೆ ನೆಂಟರಿಗೆ ಮನೆಯಲ್ಲಿ ಯಾರು ಹಾಗೆ ಹೇಳುತ್ತಾರೆ? 'ನೀವು ಬಂದದ್ದು ತುಂಬ ಸಂತೋಷ', 'ಊಟ ಮಾಡಿಕೊಂಡೇ ಹೋಗಿ' ಅನ್ನುತ್ತೇವೆ. ನಮ್ಮ ಕೃತಜ್ಞತೆ ಆ ಮಾತುಗಳಲ್ಲೇ ಇದೆ.

ಇನ್ನು ದಿನದ ಲೆಕ್ಕ. ಹಳೇ ಮೈಸೂರಿನ ಕಡೆ ಬಹಳಷ್ಟು ಮದುವೆಗಳಲ್ಲಿ ಆರತಕ್ಷತೆ ಮುಹೂರ್ತದ ಹಿಂದಿನ ಸಂಜೆಯೇ ನಡೆಯುತ್ತದೆ. ಅಣ್ಣ 'ಮಗಳನ್ನು ಧಾರೆ ಎರೆದು ಕೊಟ್ಟಿದ್ದೇನೆ' ಎಂದು ಬರೆದಿದ್ದ. ಧಾರೆ ಇರುವುದು ಮರುದಿನ ಬೆಳಿಗ್ಗೆ! ಆ ಸಂಜೆಯ ಮಾತು ನಾಳೆಗೆ ಕರೆಯುವ ಮಾತೂ ಆಗಬೇಕು. ಧಾರೆ ಮುಗಿದ ಮೇಲೆ ಆರತಕ್ಷತೆ ಇಟ್ಟುಕೊಳ್ಳುವವರು ಈ ಕರೆಯನ್ನು ಬಿಟ್ಟು, ನಿಂತು ಮದುವೆ ಮಾಡಿಸಿದಿರಿ ಎಂದು ಹೇಳಿದರಾಯಿತು.

ಕೊನೆಗೆ ಉಳಿದದ್ದು ಇಷ್ಟು:

"ಎಲ್ಲರಿಗೂ ನಮಸ್ಕಾರ. ಕೆಲಸ ಬಿಟ್ಟು, ಬಸ್ಸು ಹಿಡಿದು, ಮಕ್ಕಳನ್ನು ಕರೆದುಕೊಂಡು ಬಂದಿದ್ದೀರಿ. ನಮಗೆಲ್ಲ ತುಂಬ ಸಂತೋಷವಾಗಿದೆ. ನಮ್ಮ ಬೀಗರು ಮೊದಲ ದಿನದಿಂದ ನಮ್ಮನ್ನು ಹೊಸಬರು ಅಂತ ನೋಡಲಿಲ್ಲ. ಅವರಿಗೂ ಅವರ ಕಡೆಯವರಿಗೂ ಕೈಮುಗಿಯುತ್ತೇನೆ. ನಾನು ರಾತ್ರಿ ಪಾಳಿ ಮುಗಿಸಿ ಎಷ್ಟು ಹೊತ್ತಿಗೆ ಬಂದರೂ ಬಾಗಿಲು ತೆಗೆಯುತ್ತಿದ್ದದ್ದು ನನ್ನ ಮಗಳು. ಇನ್ನು ಮೇಲೆ ನಮ್ಮ ಅಳಿಯಂದಿರ ಮನೆಯ ಬಾಗಿಲು ತೆಗೆಯುತ್ತಾಳೆ. ಇಬ್ಬರಿಗೂ ಆಶೀರ್ವಾದ ಮಾಡಿ. ಯಾರೂ ಊಟ ಮಾಡದೆ ಹೋಗಬೇಡಿ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಧಾರೆ, ಬಂದು ಅಕ್ಷತೆ ಹಾಕಿ. ಉಪಚಾರದಲ್ಲಿ ಏನಾದರೂ ಕಡಿಮೆಯಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ."

ನಿಧಾನವಾಗಿ ಹೇಳಿದರೂ ಒಂದೂವರೆ ನಿಮಿಷ ದಾಟದು. ಬಾಗಿಲಿನ ಮಾತನ್ನು ಬೇಕೆಂದೇ ನಡುವೆ ಇಟ್ಟೆವು. ಗಂಟಲು ಕಟ್ಟುವ ವಾಕ್ಯ ಕೊನೆಗೆ ಬಂದರೆ ಅಪ್ಪ ಅಳುತ್ತ ನಿಲ್ಲುತ್ತಾನೆ, ಮೊದಲಿಗೆ ಬಂದರೆ ಮುಂದಿನದು ಹೊರಡುವುದೇ ಇಲ್ಲ. ಅದರ ಹಿಂದೆಯೇ ಬಾಯಿಗೆ ರೂಢಿಯಾದ ಮಾತುಗಳಿದ್ದರೆ ಅವು ಕೈಹಿಡಿದು ದಾಟಿಸುತ್ತವೆ.

ಎಂಟು ಗಂಟೆಯ ಸುಮಾರಿಗೆ ಛತ್ರ ತುಂಬಿತ್ತು. ಆರ್ಕೆಸ್ಟ್ರಾದವರಿಗೆ ಮೊದಲೇ ಹೇಳಿಟ್ಟಿದ್ದೆವು, ಒಂದು ಹಾಡು ಮುಗಿದ ಕೂಡಲೇ ಗಾಯಕರು ಮೈಕ್ ಕೊಟ್ಟರು. ಅಣ್ಣ ಅದನ್ನು ಹಿಡಿದುಕೊಂಡು ಸ್ಪೀಕರ್ ಎದುರಿಗೇ ಹೋದ, ಕುಯ್ಯೆಂದು ಸದ್ದು ಬಂತು. ನಾನು ತೋಳು ಹಿಡಿದು ಸ್ಪೀಕರಿನ ಹಿಂದಕ್ಕೆ ಎಳೆದೆ, ಸದ್ದು ನಿಂತಿತು. ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿದು ಶುರುಮಾಡಿದ.

'ಬಾಗಿಲು ತೆಗೆಯುತ್ತಿದ್ದದ್ದು' ಎಂಬಲ್ಲಿ ದನಿ ನಿಂತುಹೋಯಿತು. ಅತ್ತಿಗೆ ವೇದಿಕೆಯ ಕೆಳಗಿಂದ ಸುಮ್ಮನೆ ನೋಡುತ್ತಿದ್ದರು. ಅವನು ಹಾಳೆ ಮಡಚಿ ಜೇಬಿಗಿಟ್ಟು, ಉಸಿರು ಎಳೆದುಕೊಂಡು, "ನನ್ನ ಮಗಳು" ಅಂದ. ಉಳಿದದ್ದೆಲ್ಲ ನೋಡದೇ ಬಂತು. ಒಂಬತ್ತಕ್ಕೆ ಧಾರೆ ಅಂದಾಗ ಸಾಲಿನ ಹಿಂದಿನಿಂದ ಯಾರೋ ಹಿರಿಯರು, "ಬರ್ತೀವಪ್ಪಾ, ಎಂಟಕ್ಕೇ ಬರ್ತೀವಿ" ಎಂದು ಕೂಗಿದರು.